ಡಿಸ್ಚಾರ್ಜ್ ಸಮ್ಮರಿ (ಹೃದಯ ವೈಫಲ್ಯ)

ಹೃದಯ ವೈಫಲ್ಯದ ರೋಗಿ ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ವೈದ್ಯರು ಕೊಡುವ ಲಿಖಿತ ವರದಿ. ಕಾಯಿಲೆಯ ಹೆಸರು, ಎಕೋ ಫಲಿತಾಂಶ, ಕೊಟ್ಟ ಚಿಕಿತ್ಸೆ ಎಲ್ಲವೂ ಇದರಲ್ಲಿರುತ್ತವೆ. ಮನೆಯವರಿಗೆ ದಿನವೂ ಬೇಕಾಗುವುದು ಮಾತ್ರ ಔಷಧಿಯ ಭಾಗ. ಅಲ್ಲಿ ಹೊಸ ಪಟ್ಟಿಯೊಂದೇ ಸಾಲದು. ಯಾವುದು ಹೊಸದು, ಯಾವುದರ ಪ್ರಮಾಣ ಬದಲಾಗಿದೆ, ಯಾವುದನ್ನು ನಿಲ್ಲಿಸಲಾಗಿದೆ, ಏಕೆ ಎಂಬುದೂ ಇರಬೇಕು.

ಉದಾಹರಣೆಗೆ, ಹೃದಯದ ಪಂಪಿಂಗ್ ಶೇ. 30ಕ್ಕೆ ಇಳಿದಿರುವ ರೋಗಿಯೊಬ್ಬರಿಗೆ ಎನಲಾಪ್ರಿಲ್ ನಿಲ್ಲಿಸಿ, ಅದರ ಕೊನೆಯ ಗುಳಿಗೆಯಾಗಿ 36 ಗಂಟೆ ಕಳೆದ ಮೇಲೆ ಸಕುಬಿಟ್ರಿಲ್-ವಲ್ಸಾರ್ಟನ್ ಆರಂಭಿಸಲಾಗಿದೆ ಎನ್ನೋಣ. ‘ನಿಲ್ಲಿಸಿದ್ದು’ ಎಂಬ ಸಾಲು ಬಿಟ್ಟುಹೋದರೆ, ಮನೆಯ ಡಬ್ಬಿಯಲ್ಲಿ ಉಳಿದ ಎನಲಾಪ್ರಿಲ್ ಸ್ಟ್ರಿಪ್ಪು ಹೊಸ ಗುಳಿಗೆಯ ಜೊತೆಗೇ ಹೊಟ್ಟೆ ಸೇರುತ್ತದೆ. ಎರಡೂ ಕೂಡಿದರೆ ತುಟಿ, ನಾಲಿಗೆ, ಗಂಟಲು ಊದಿ ಉಸಿರು ಕಟ್ಟುವ ಅಪಾಯವಿದೆ. ಮಂಡಿನೋವಿಗೆಂದು ಮೆಡಿಕಲ್ ಸ್ಟೋರಿನಿಂದ ತಾವೇ ತಂದು ನುಂಗುವ ಡೈಕ್ಲೋಫೆನಾಕ್ ಕೂಡ ಈ ‘ನಿಲ್ಲಿಸಿದ್ದು’ ಸಾಲಿಗೇ ಸೇರಬೇಕು. ಅದು ಮೈಯಲ್ಲಿ ಉಪ್ಪು, ನೀರು ಉಳಿಯುವಂತೆ ಮಾಡುತ್ತದೆ. ಯಾರೂ ಕೇಳದಿದ್ದರೆ ರೋಗಿ ಇದನ್ನು ಹೇಳುವುದೂ ಇಲ್ಲ.

ಮನೆಗೆ ಹೊರಟ ದಿನದ ತೂಕವನ್ನು, ಇಲ್ಲಿ 64 ಕೆ.ಜಿ., ಎದ್ದು ಕಾಣುವಂತೆ ಬರೆಯುತ್ತಾರೆ. ರೋಗಿ ದಿನವೂ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ನೋಡಿಕೊಳ್ಳಬೇಕು; ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅಂದೇ ಫೋನ್ ಮಾಡಬೇಕು. ‘ಆಗಾಗ ಬಂದು ತೋರಿಸಿ’ ಎಂಬ ಸೂಚನೆಯಿಂದ ಪ್ರಯೋಜನವಿಲ್ಲ. ಒಂದೆರಡು ವಾರದೊಳಗಿನ ಭೇಟಿಯ ದಿನಾಂಕ, ಆಗ ಆಗಬೇಕಾದ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ರಕ್ತಪರೀಕ್ಷೆ, ಕರೆ ಮಾಡಬೇಕಾದ ನಂಬರು ಇವಿಷ್ಟೂ ಅದೇ ಹಾಳೆಯಲ್ಲಿರಬೇಕು.