ಲಿಸ್ಟ್ ಗುಣಾಕಾರ (ಪೈಥಾನ್)

ಪೈಥಾನ್ ಭಾಷೆಯಲ್ಲಿ ಲಿಸ್ಟಿನೊಳಗೆ ಲಿಸ್ಟ್ ಇಟ್ಟು, ಅದನ್ನು `*` ಚಿಹ್ನೆಯಿಂದ ಗುಣಿಸಿ ಕೋಷ್ಟಕ ಮಾಡಿಕೊಂಡರೆ ಒಂದು ಸಾಲಿನಲ್ಲಿ ಬರೆದದ್ದು ಎಲ್ಲ ಸಾಲುಗಳಲ್ಲೂ ಕಾಣಿಸಿಕೊಳ್ಳುತ್ತದೆ. ಇದು ಭಾಷೆಯ ದೋಷವಲ್ಲ, ಗುಣಾಕಾರದ ನಿಯಮವೇ ಹಾಗಿದೆ.

ಒಂದು ಉದಾಹರಣೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ: ಈ ನಾಲ್ಕು ತಾಲ್ಲೂಕುಗಳ ಜೂನ್, ಜುಲೈ, ಆಗಸ್ಟ್ ಮಳೆಯ ಲೆಕ್ಕಕ್ಕೆ ಖಾಲಿ ಕೋಷ್ಟಕ ಬೇಕಾಗಿದೆ ಎನ್ನೋಣ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಅರಕಲಗೂಡಿನ ಸಾಲು 2.

```python
male = [[0] * 3] * 4
male[2][0] = 12
print(male)
# [[12, 0, 0], [12, 0, 0], [12, 0, 0], [12, 0, 0]]
```

ಅರಕಲಗೂಡಿನ ಜೂನ್ ಮಳೆ ನಾಲ್ಕೂ ತಾಲ್ಲೂಕುಗಳಿಗೆ ಬಿದ್ದಿದೆ. ನಾಲ್ಕರ ಅಂಕಿಗಳನ್ನೂ ಕ್ರಮವಾಗಿ ತುಂಬಿದರೆ ಕೊನೆಗೆ ಉಳಿಯುವುದು ಚನ್ನರಾಯಪಟ್ಟಣದ್ದು ಮಾತ್ರ. ಒಟ್ಟು ಮೊತ್ತವೂ ಅದರ ನಾಲ್ಕು ಪಟ್ಟು ಬರುತ್ತದೆ. ಪ್ರೋಗ್ರಾಂ ಯಾವ ಎರರ್ ಸಂದೇಶವನ್ನೂ ಕೊಡುವುದಿಲ್ಲ.

ಕಾರಣ

ಪೈಥಾನಿನ ಲಿಸ್ಟ್ ತನ್ನೊಳಗೆ ವಸ್ತುಗಳನ್ನೇ ಇಟ್ಟುಕೊಳ್ಳುವುದಿಲ್ಲ. ಅವು ಮೆಮೊರಿಯಲ್ಲಿ ಎಲ್ಲಿವೆ ಎಂಬ ವಿಳಾಸಗಳನ್ನು ಇಟ್ಟುಕೊಳ್ಳುತ್ತದೆ. 64 ಬಿಟ್ ಯಂತ್ರದಲ್ಲಿ ಒಂದು ವಿಳಾಸಕ್ಕೆ 8 ಬೈಟ್. ಸಿ ಭಾಷೆಯಲ್ಲಿ ಬರೆದಿರುವ ಮೂಲ ಪೈಥಾನಿನ `listobject.c` ಕಡತದಲ್ಲಿ ಗುಣಾಕಾರ ನಡೆಸುವ ಭಾಗ ಬೇಕಾದಷ್ಟು ಜಾಗ ಪಡೆದು, ಅದೇ ವಿಳಾಸವನ್ನು ಮತ್ತೆ ಮತ್ತೆ ನಕಲಿಸುತ್ತದೆ. ಒಳಗಿನ ವಸ್ತುವನ್ನು ಎಷ್ಟು ಕಡೆಯಿಂದ ಬಳಸಲಾಗುತ್ತಿದೆ ಎಂಬ ಎಣಿಕೆಯನ್ನೂ ಹೆಚ್ಚಿಸುತ್ತದೆ. ಆದರೆ ಆ ವಸ್ತುವಿನ ಹೊಸ ಪ್ರತಿ ಮಾಡುವುದಿಲ್ಲ. ಆದ್ದರಿಂದ `male` ಒಳಗಿರುವುದು ಒಂದೇ ಸಾಲು, ಅದರ ವಿಳಾಸ ಮಾತ್ರ ನಾಲ್ಕು ಸಲ.

ಹಾಗಾದರೆ `[0] * 3` ಏಕೆ ತೊಂದರೆ ಕೊಡುವುದಿಲ್ಲ? ಅಲ್ಲಿಯೂ ಮೂರು ಮನೆಗಳು ಒಂದೇ ಸೊನ್ನೆಯನ್ನು ತೋರಿಸುತ್ತವೆ. ಆದರೆ ಸಂಖ್ಯೆಯನ್ನು ಇದ್ದಲ್ಲೇ ತಿದ್ದಲು ಬರುವುದಿಲ್ಲ. 12 ಬರೆದಾಗ ಆ ಒಂದು ಮನೆಯ ವಿಳಾಸ ಬದಲಾಗುತ್ತದೆ, ಸೊನ್ನೆ ಹಾಗೇ ಇರುತ್ತದೆ. ಇದೇ ಕಾರಣಕ್ಕೆ `male[1] = [5, 6, 7]` ಎಂದು ಇಡೀ ಸಾಲನ್ನೇ ಹೊಸದಾಗಿ ಕೊಟ್ಟರೆ ಆ ಸಾಲು ಮಾತ್ರ ಬೇರೆಯಾಗುತ್ತದೆ. ಹೀಗೆ ಪರೀಕ್ಷೆ ಮಾಡಿದವರು ಕೋಷ್ಟಕ ಸರಿಯಿದೆ ಎಂದು ತಪ್ಪಾಗಿ ತೀರ್ಮಾನಿಸುವ ಸಂಭವ ಹೆಚ್ಚು.

ಪತ್ತೆ ಮತ್ತು ಪರಿಹಾರ

ಖಾಲಿ ಕೋಷ್ಟಕವನ್ನು ಪ್ರಿಂಟ್ ಮಾಡಿದರೆ ಏನೂ ತಿಳಿಯದು. `male[0] is male[1]` ಎಂದು ಕೇಳಿ `True` ಬಂದರೆ ಎರಡೂ ಒಂದೇ ಸಾಲು. ಪ್ರತಿ ಸುತ್ತಿನಲ್ಲೂ ಹೊಸ ಸಾಲು ಹುಟ್ಟುವಂತೆ ಹೀಗೆ ಬರೆಯಬೇಕು:

```python
male = [[0] * 3 for _ in range(4)]
```

ಈ ರೀತಿಯ ಬರವಣಿಗೆ 2000ರಲ್ಲಿ ಬಂದ ಪೈಥಾನ್ 2.0ರಿಂದ ಲಭ್ಯವಿದೆ.

ಕೆಟ್ಟ ಕೋಷ್ಟಕವನ್ನು `copy.deepcopy` ಮೂಲಕ ಸರಿಪಡಿಸಲಾಗದು. ಒಮ್ಮೆ ನಕಲಿಸಿದ ವಸ್ತುವನ್ನು ಅದು ನೆನಪಿಟ್ಟುಕೊಂಡು ಮುಂದೆಯೂ ಅದನ್ನೇ ಬಳಸುವುದರಿಂದ, ಹೊಸ ಕೋಷ್ಟಕದ ನಾಲ್ಕು ಸಾಲುಗಳೂ ಒಂದೇ ಆಗಿರುತ್ತವೆ.