ರಾಸಾಯನಿಕ ಸಮತೋಲನದ ಮೇಲೆ ಜಡ ಅನಿಲದ ಪರಿಣಾಮ

ಸಮತೋಲನದಲ್ಲಿರುವ ಅನಿಲ ಮಿಶ್ರಣಕ್ಕೆ ಆರ್ಗಾನ್‌ನಂತಹ, ಕ್ರಿಯೆಯಲ್ಲಿ ಪಾಲ್ಗೊಳ್ಳದ ಅನಿಲವೊಂದನ್ನು ಸೇರಿಸಿದಾಗ ಸಮತೋಲನವು ಪಲ್ಲಟಗೊಳ್ಳುವುದೇ, ಪಲ್ಲಟಗೊಂಡರೆ ಯಾವ ದಿಕ್ಕಿಗೆ ಎಂಬುದು ಅನಿಲವನ್ನು ಸೇರಿಸಿದ ರೀತಿಯನ್ನು ಅವಲಂಬಿಸಿದೆ. ಗಾತ್ರವನ್ನು ಸ್ಥಿರವಾಗಿಟ್ಟರೆ ಪಲ್ಲಟವಿಲ್ಲ. ಒತ್ತಡವನ್ನು ಸ್ಥಿರವಾಗಿಟ್ಟರೆ, ಅನಿಲ ಮೋಲುಗಳ ಸಂಖ್ಯೆ ಹೆಚ್ಚಿರುವ ಕಡೆಗೆ ಸಮತೋಲನ ಸರಿಯುತ್ತದೆ. ಎರಡೂ ಸಂದರ್ಭಗಳಲ್ಲಿ ತಾಪಮಾನ ಬದಲಾಗಿಲ್ಲವೆಂದು ಭಾವಿಸಲಾಗಿದೆ. ಆದ್ದರಿಂದ ಸಮತೋಲನ ಸ್ಥಿರಾಂಕವೂ ಬದಲಾಗುವುದಿಲ್ಲ.

ಉದಾಹರಣೆಗೆ ಫಾಸ್ಫರಸ್ ಪೆಂಟಾಕ್ಲೋರೈಡ್‌ನ ವಿಘಟನೆಯನ್ನು ನೋಡಬಹುದು:

PCl₅ ⇌ PCl₃ + Cl₂

ಒಂದು ತಾಪಮಾನದಲ್ಲಿ ಇದರ Kp ಬೆಲೆ 0.5 ಬಾರ್ ಎಂದಿಟ್ಟುಕೊಳ್ಳೋಣ. 1 ಮೋಲ್ PCl₅ ಅರ್ಧದಷ್ಟು ವಿಘಟಿಸಿ, ಮೂರೂ ಅನಿಲಗಳು ತಲಾ 0.5 ಮೋಲ್ ಇದ್ದು, ಒಟ್ಟು ಒತ್ತಡ 1.5 ಬಾರ್ ಆಗಿದೆ. ಆಗ ಪ್ರತಿಯೊಂದರ ಆಂಶಿಕ ಒತ್ತಡ 0.5 ಬಾರ್.

ಈಗ ಮುಚ್ಚಿದ ಗಟ್ಟಿ ಪಾತ್ರೆಯೊಳಕ್ಕೆ 1.5 ಮೋಲ್ ಆರ್ಗಾನನ್ನು ತುಂಬಿದರೆ ಒಟ್ಟು ಒತ್ತಡ 3 ಬಾರ್‌ಗೆ ಏರುತ್ತದೆ. ಒತ್ತಡ ಹೆಚ್ಚಿತಾದ್ದರಿಂದ ಲೆ ಶಾಟೆಲಿಯರ್ ತತ್ತ್ವದಂತೆ ಸಮತೋಲನ ಕಡಿಮೆ ಮೋಲುಗಳ ಕಡೆಗೆ, ಅಂದರೆ ಎಡಕ್ಕೆ, ಸರಿಯಬೇಕೆಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರೆಯುವುದುಂಟು. ಇದು ಸರಿಯಲ್ಲ. ಹೆಚ್ಚಿದ ಒತ್ತಡವೆಲ್ಲ ಆರ್ಗಾನ್‌ನದೇ. ಉಳಿದ ಮೂರು ಅನಿಲಗಳ ಪ್ರಮಾಣವಾಗಲಿ ಅವುಗಳಿಗೆ ದೊರೆತಿರುವ ಗಾತ್ರವಾಗಲಿ ಬದಲಾಗದ ಕಾರಣ ಅವುಗಳ ಆಂಶಿಕ ಒತ್ತಡ 0.5 ಬಾರ್‌ನಲ್ಲಿಯೇ ನಿಲ್ಲುತ್ತದೆ. ಸಮತೋಲನವನ್ನು ನಿರ್ಧರಿಸುವುದು ಒಟ್ಟು ಒತ್ತಡವಲ್ಲ, ಈ ಆಂಶಿಕ ಒತ್ತಡಗಳು.

ಅದೇ ಆರ್ಗಾನನ್ನು ಚಲಿಸುವ ಕೊಂತವುಳ್ಳ ಪಾತ್ರೆಗೆ ಸೇರಿಸಿ ಒತ್ತಡವನ್ನು 1.5 ಬಾರ್‌ನಲ್ಲಿಯೇ ಇರಿಸಿದರೆ ಸ್ಥಿತಿ ಬೇರೆ. ಒಟ್ಟು ಮೋಲುಗಳು ಇಮ್ಮಡಿಯಾದುದರಿಂದ ಗಾತ್ರವೂ ಇಮ್ಮಡಿಯಾಗುತ್ತದೆ. ಮೂರು ಅನಿಲಗಳ ಆಂಶಿಕ ಒತ್ತಡ ತಲಾ 0.25 ಬಾರ್‌ಗೆ ಇಳಿಯುತ್ತದೆ. ಆ ಕ್ಷಣದ ಕ್ರಿಯಾ ಭಾಗಲಬ್ಧ

Q = (0.25 × 0.25) / 0.25 = 0.25

ಇದು Kp ಗಿಂತ ಕಡಿಮೆ. ಆದ್ದರಿಂದ ಕ್ರಿಯೆ ಬಲಕ್ಕೆ ಸಾಗುತ್ತದೆ. ಇನ್ನೂ x ಮೋಲ್ PCl₅ ವಿಘಟಿಸಿತೆಂದರೆ

(0.5 + x)² / (0.5 − x) × 1.5 / (3 + x) = 0.5

ಇದನ್ನು ಬಿಡಿಸಿದಾಗ x = 0.125. ವಿಘಟನೆಯ ಪ್ರಮಾಣ ಶೇಕಡ 50ರಿಂದ 62.5ಕ್ಕೆ ಏರಿತು. ಆರ್ಗಾನ್ ಇಲ್ಲಿ ಮಾಡಿದ್ದು ಮಿಶ್ರಣವನ್ನು ತೆಳುಗೊಳಿಸುವ ಕೆಲಸ ಮಾತ್ರ. ಪಾತ್ರೆಯನ್ನು ಹಿಗ್ಗಿಸಿದ್ದರೂ ಇದೇ ದಿಕ್ಕಿನ ಫಲ ಸಿಗುತ್ತಿತ್ತು.

H₂ + I₂ ⇌ 2HI ಕ್ರಿಯೆಯಲ್ಲಿ ಎರಡೂ ಬದಿಯ ಅನಿಲ ಮೋಲುಗಳು ಸಮ. ಆಂಶಿಕ ಒತ್ತಡಗಳು ಒಂದೇ ಅನುಪಾತದಲ್ಲಿ ತಗ್ಗುವುದರಿಂದ Q ಬದಲಾಗದು. ಸ್ಥಿರ ಒತ್ತಡದಲ್ಲೂ ಪಲ್ಲಟವಿಲ್ಲ.

ಅಮೋನಿಯಾ ತಯಾರಿಕೆಯಲ್ಲಿ (N₂ + 3H₂ ⇌ 2NH₃) ಈ ಪರಿಣಾಮ ನಷ್ಟ ತರುತ್ತದೆ. ಗಾಳಿಯಿಂದ ಪಡೆದ ನೈಟ್ರೊಜನ್‌ನೊಂದಿಗೆ ಬರುವ ಆರ್ಗಾನ್, ಮತ್ತೆ ಮತ್ತೆ ಸುತ್ತಿಸುವ ಅನಿಲದಲ್ಲಿ ಸಂಚಯವಾಗುತ್ತದೆ. ಅಲ್ಲಿ ಒಟ್ಟು ಒತ್ತಡವನ್ನು ಬಹುಮಟ್ಟಿಗೆ ಸ್ಥಿರವಾಗಿಡುವುದರಿಂದ ಆರ್ಗಾನ್ ಹೆಚ್ಚಿದಷ್ಟೂ ಸಮತೋಲನ ನಾಲ್ಕು ಮೋಲುಗಳಿರುವ ಎಡಬದಿಗೆ ಸರಿದು ಅಮೋನಿಯಾದ ಇಳುವರಿ ತಗ್ಗುತ್ತದೆ. ಇದನ್ನು ತಡೆಯಲು ಸುತ್ತುವ ಅನಿಲದ ಒಂದು ಭಾಗವನ್ನು ಹೊರಬಿಡಲಾಗುತ್ತದೆ. ಅದರೊಡನೆ ಸ್ವಲ್ಪ ಹೈಡ್ರೊಜನ್ ಸಹ ಹೋಗುವುದರಿಂದ ಅದನ್ನು ಬೇರ್ಪಡಿಸಿ ಮರಳಿ ಬಳಸುವ ಕಾರ್ಖಾನೆಗಳೂ ಇವೆ.

ಮೇಲಿನ ನಿಯಮಗಳು ಆದರ್ಶ ಅನಿಲಗಳಿಗೆ ನಿಖರವಾಗಿ ಅನ್ವಯಿಸುತ್ತವೆ. ಬಹಳ ಹೆಚ್ಚಿನ ಒತ್ತಡದಲ್ಲಿ ಅಣುಗಳ ನಡುವಣ ಆಕರ್ಷಣ ವಿಕರ್ಷಣಗಳಿಂದಾಗಿ ಸ್ಥಿರ ಗಾತ್ರದಲ್ಲಿಯೂ ಅಲ್ಪ ಪಲ್ಲಟ ಕಾಣಬಹುದು.