ಆಲ್ಬಮ್ ಶೀರ್ಷಿಕೆ (ಕನ್ನಡ ಸಂಗೀತದಲ್ಲಿ)

ಹಲವು ಹಾಡುಗಳ ಒಂದು ಧ್ವನಿಮುದ್ರಣಕ್ಕೆ ಕೊಡುವ ಒಟ್ಟು ಹೆಸರು. ಹಾಡುಗಳನ್ನು ಒಂದೇ ಭಾವಕ್ಕೆ ಕಟ್ಟುವುದರ ಜೊತೆಗೆ ಮುಖಪುಟದಲ್ಲಿ ಅಕ್ಷರವಾಗಿಯೂ ಚಿತ್ರವಾಗಿಯೂ ನಿಲ್ಲುವುದು ಅದರ ಕೆಲಸ. ಚಿತ್ರಗೀತೆಗಳ ಸಂಗ್ರಹಕ್ಕೆ ಸಿನಿಮಾದ ಹೆಸರೇ ಬರುವುದರಿಂದ, ಕನ್ನಡದಲ್ಲಿ ಶೀರ್ಷಿಕೆಯ ಆಯ್ಕೆ ಭಾವಗೀತೆಯ ಕ್ಯಾಸೆಟ್ಟುಗಳೊಡನೆ ಮುಖ್ಯವಾಯಿತು.

ಹಿನ್ನೆಲೆ. 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು. ಅಂಥ ತಟ್ಟೆಗಳನ್ನಿಡುವ ಚೀಲಗಳನ್ನು ಪುಸ್ತಕದಂತೆ ಸೇರಿಸಿ ಕಟ್ಟಿದ ಕಟ್ಟೇ ಮೊದಲ ಆಲ್ಬಮ್. ಅದರ ಹೊದಿಕೆ ಬಹುಮಟ್ಟಿಗೆ ಬರಿಯ ರಟ್ಟು. ಅಮೆರಿಕದ ಕೊಲಂಬಿಯಾ ಕಂಪನಿಯ ಕಲಾವಿದ ಅಲೆಕ್ಸ್ ಸ್ಟೈನ್‌ವೈಸ್ 1940ರಲ್ಲಿ ಹೊದಿಕೆಗೆ ಚಿತ್ರ ಬರೆಯತೊಡಗಿದ. 1948ರಲ್ಲಿ ಎಲ್‌ಪಿ ತಟ್ಟೆ ಬಂದು, ಸುಮಾರು 31 ಸೆಂ.ಮೀ. ಚೌಕದ ಮುಖಪುಟ ರೂಢಿಯಾಯಿತು.

ಪುಸ್ತಕದಿಂದ ಬಂದ ಹೆಸರು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಎಂದು ಇದನ್ನು ಗುರುತಿಸುತ್ತಾರೆ. ಅದರ ಹೆಸರು ಮೊದಲು ಒಂದು ಕವಿತೆಯದು. 1976ರ ಸಂಕಲನ ಅದನ್ನೇ ತಳೆಯಿತು. ಅಲ್ಲಿಂದ ಕ್ಯಾಸೆಟ್ಟಿಗೆ ಬಂತು. ನಾಡಿನ ನದಿ, ಕಾಡು, ಚರಿತ್ರೆಗಳನ್ನು ಒಂದೇ ಸಂಭ್ರಮವಾಗಿ ಕಾಣುವ ಆ ಹೆಸರು ಬೇರೆ ಹಾಡುಗಳನ್ನೂ ತನ್ನೊಳಗೆ ಸೇರಿಸಿಕೊಳ್ಳುವಷ್ಟು ವಿಶಾಲ. ಆದರೆ ಅದು ಕಣ್ಣಿಗೆ ಕಾಣುವ ವಸ್ತುವಲ್ಲ. ಅದಕ್ಕೊಂದು ರೂಪ ಕೊಡುವ ಹೊಣೆ ಮುಖಪುಟ ಬರೆಯುವವರ ಮೇಲೆ ಬೀಳುತ್ತದೆ.

ಸಿ. ಅಶ್ವತ್ಥ್ ರಾಗ ಸಂಯೋಜಿಸಿದ ‘ಮೈಸೂರು ಮಲ್ಲಿಗೆ’ಯದು ಬೇರೆ ಬಗೆ. ಕೆ.ಎಸ್. ನರಸಿಂಹಸ್ವಾಮಿ ಅವರ 1942ರ ಸಂಕಲನದ ಈ ಹೆಸರಿನಲ್ಲಿ ಹೂವೂ ಇದೆ, ಊರೂ ಇದೆ. ಕವಿತೆಗಳ ವಿಷಯ ದಾಂಪತ್ಯದ ಒಲವು. ಶೀರ್ಷಿಕೆ ಅದನ್ನು ಹೇಳದೆ ಸೂಚಿಸುತ್ತದೆ. ಓದುಗರಿಗೆ ಮೊದಲೇ ಪರಿಚಿತವಾದ ಹೆಸರು ಎಂಬುದು ಎರಡಕ್ಕೂ ಒದಗಿದ ಅನುಕೂಲ. ಇಂಥ ಎರವಲು ಹೊಂದುವುದು ಎಲ್ಲ ಹಾಡುಗಳೂ ಒಬ್ಬನೇ ಕವಿಯವಾಗಿದ್ದಾಗ ಮಾತ್ರ.

ಮುಖಪುಟದ ಅಳತೆ. ಕ್ಯಾಸೆಟ್ ಡಬ್ಬಿಯ ಕಾರ್ಡಿನ ಮುಂಭಾಗ ಸುಮಾರು 6.5 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ, ಅಂಗಡಿಯ ಸಾಲಿನಲ್ಲಿ ಕಾಣುವ ಬೆನ್ನುಪಟ್ಟಿ 13 ಮಿ.ಮೀ.ಗಿಂತ ಕಡಿಮೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ, ಆ ಪಟ್ಟಿಯಲ್ಲಿ ಮೂಲಾಕ್ಷರವನ್ನೇ ಚಿಕ್ಕದು ಮಾಡಬೇಕಾಗುತ್ತದೆ. ‘ನಿತ್ಯೋತ್ಸವ’ ನಾಲ್ಕೇ ಅಕ್ಷರವಾದರೂ ಅದರಲ್ಲಿ ಎರಡು ಒತ್ತುಗಳಿವೆ, ಒಡೆದು ಎರಡು ಸಾಲು ಮಾಡಲೂ ಬಾರದು. ‘ಮೈಸೂರು ಮಲ್ಲಿಗೆ’ ಮೂರು ಮೂರು ಅಕ್ಷರಗಳ ಎರಡು ಸಾಲಾಗಿ ನಿಲುವು ಕಾರ್ಡಿಗೆ ಸರಿಯಾಗಿ ಕೂರುತ್ತದೆ. ಮೇಲಿನ ಸಾಲಿನ ಐತ್ವದ ಬಾಲ ಕೆಳಗಿನ ಸಾಲಿಗೆ ತಾಗದಷ್ಟು ಅಂತರ ಬಿಟ್ಟರೆ ಸಾಕು. ಅಕ್ಷರಗಳು ಒಂದಕ್ಕೊಂದು ತಾಗಿದರೆ ಅಥವಾ ಒತ್ತು ಕತ್ತರಿಸಿ ಹೋದರೆ ಬರೆದವರು ಕಾರ್ಡನ್ನು ನಿಜ ಅಳತೆಯಲ್ಲಿ ಅಚ್ಚು ತೆಗೆದು ನೋಡಿಲ್ಲವೆಂದು ಗೊತ್ತಾಗುತ್ತದೆ.

ಕಲ್ಯಾಣದ ಸೀಮೆಯಲ್ಲಿ. ಬಸವಕಲ್ಯಾಣ, ಹುಮನಾಬಾದ್, ಮೋರಖಂಡಿಯ ಸುತ್ತಿನ ಪರಂಪರೆಯ ಹಾಡುಗಳಿಗೆ ಪುಸ್ತಕದ ಹೆಸರನ್ನು ಎರವಲು ಪಡೆಯುವ ದಾರಿ ಅಷ್ಟು ಸುಲಭವಲ್ಲ. ವಚನಕ್ಕೆ ಶೀರ್ಷಿಕೆಯಿಲ್ಲ, ಅಂಕಿತವಿದೆ. ಬಸವಣ್ಣನವರ ವಚನಗಳಷ್ಟೇ ಇದ್ದರೆ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನೇ ಹೆಸರಾಗಿಸಬಹುದು. ಅಕ್ಕಮಹಾದೇವಿ, ಅಲ್ಲಮಪ್ರಭು ಜೊತೆಗೆ ಬಂದರೆ ಅಂಕಿತ ಮೂರಾಗುತ್ತದೆ; ಆಗ ಮೂವರನ್ನೂ ಕೂಡಿಸುವ ಕಲ್ಯಾಣ ಅಥವಾ ಅನುಭವ ಮಂಟಪ ಹೆಸರಿಗೆ ಒದಗುತ್ತದೆ. ಹುಮನಾಬಾದಿಗೆ ಹೊಂದಿದ ಮಾಣಿಕನಗರದ ಮಾಣಿಕಪ್ರಭುಗಳು (1817–1865) ಕನ್ನಡವಲ್ಲದೆ ಮರಾಠಿ, ಹಿಂದಿಗಳಲ್ಲೂ ಪದ ಕಟ್ಟಿದರು. ಅವನ್ನು ಒಟ್ಟಿಗೆ ಹಾಡಿದಾಗ ಒಂದು ಭಾಷೆಯ ಪದವನ್ನು ಮೇಲಿಟ್ಟರೆ ಉಳಿದವು ಬದಿಗೆ ಸರಿಯುತ್ತವೆ. ಮೂರಕ್ಕೂ ಸಲ್ಲುವುದು ಪ್ರಭುಗಳ ಹೆಸರು.

ತೆರೆಯ ಕಾಲ. ಸಿಡಿ ಮುಖಪುಟವನ್ನು 12 ಸೆಂ.ಮೀ. ಚೌಕಕ್ಕೆ ತಂದಿತು. ಇಂದು ಸಾಮಾನ್ಯವಾಗಿ 3000×3000 ಪಿಕ್ಸೆಲ್ ಚಿತ್ರ ಕೊಟ್ಟರೂ ಕೇಳುಗರು ನೋಡುವುದು ಮೊಬೈಲಿನ ಬೆರಳಗಲದ ಚೌಕ. ಅಲ್ಲಿ ಒತ್ತು ಮೊದಲು ಮಸುಕಾಗುತ್ತದೆ. ಇನ್ನೊಂದು ತೊಡಕು ರೋಮನ್ ಲಿಪಿಯದು: ಒಂದೇ ಹೆಸರನ್ನು Nityotsava ಎಂದೂ Nithyothsava ಎಂದೂ ನಮೂದಿಸಿದರೆ ಹುಡುಕುವವರಿಗೆ ಅವು ಎರಡು ಬೇರೆ ಹೆಸರಾಗಿ ಎದುರಾಗುತ್ತವೆ.

ಹಲವು ಭಾಷೆಯ ಹಾಡುಗಳಿಗೆ ವ್ಯಕ್ತಿಯ ಹೆಸರಿಡುವ ಉಪಾಯ ಹೊಸ ಸಂಗೀತದಲ್ಲೂ ಕಾಣುತ್ತದೆ. ಕನ್ನಡ, ಹಿಂದಿ ಹಾಡುಗಳಿದ್ದ ರಘು ದೀಕ್ಷಿತರ 2008ರ ಆಲ್ಬಮ್ಮಿಗೆ ಅವರ ಹೆಸರೇ ಶೀರ್ಷಿಕೆ. ಈ ಉಪಾಯ ಒಮ್ಮೆ ಮಾತ್ರ ಸಲ್ಲುತ್ತದೆ. 2013ರ ಆಲ್ಬಮ್ಮಿಗೆ ಅವರು ‘ಜಗ್ ಚಂಗಾ’ ಎಂಬ ಬೇರೆ ಹೆಸರನ್ನೇ ಇಟ್ಟರು.